ಖಾಲಿ ಹಾಳೆ ಕೊಟ್ಟು 16ಎ ಕಲಿಸಿದ್ದು: ನನ್ನ ಅನುಭವ

"ಪಾರ್ಟಿಗೆ ಯಾಕ್ರೀ ಪಾಠ? ಪಾಸ್‌ವರ್ಡ್ ಇಸ್ಕೊಳ್ರಿ, ರಿಟರ್ನ್ ಹಾಕ್ರಿ, ಫೀಸ್ ತಗೊಳ್ರಿ." ನಾನು ಕೆಲಸ ಕಲಿತ ಆಫೀಸಿನ ಹಿರಿಯರು ಹೀಗಂದು ನಕ್ಕಿದ್ದರು. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಆಫೀಸ್ ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನ್ ಹಾಕುವ ನನ್ನಂಥವನು ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಕೂತು ಟಿಡಿಎಸ್ ಸರ್ಟಿಫಿಕೇಟ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದ ತೆರಿಗೆಯ ಪತ್ರ, ವಿವರಿಸೋದು ಅವರ ಲೆಕ್ಕದಲ್ಲಿ ದಂಡದ ಕೆಲಸ. ಮೊದಲ ಎರಡು ವರ್ಷ ಅದು ದಂಡವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸಂಬಳದವರ ಫಾರ್ಮ್ 16 ವಿವರಿಸೋದು ಸುಲಭ. ತಲೆನೋವು ಫಾರಿನ್ ಕ್ಲೈಂಟ್‌ಗಳಿಗೆ ಕೆಲಸ ಮಾಡುವ ಹುಡುಗರದ್ದು. ಇವರಿಗೆ ಕೆಲಸ ಕೊಡುವವನು ಅಮೆರಿಕದಲ್ಲಿ. ದುಡ್ಡು ಕೊಡುವುದು ನಡುವೆ ಇರುವ ಫ್ರೀಲಾನ್ಸ್ ವೇದಿಕೆ. ತೆರಿಗೆ ಕಟ್ಟಿದ್ದು ನಮ್ಮ ಸರ್ಕಾರಕ್ಕೆ. ಸಂಬಳವಲ್ಲದ ಆದಾಯಕ್ಕೆ ಕೊಡುವ ಟಿಡಿಎಸ್ ಸರ್ಟಿಫಿಕೇಟೇ 16ಎ. ಕೈಗೆ ಬಂದ ಆ 16ಎಯಲ್ಲಿ ಇರುವ ಮೊತ್ತ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎಲ್ಲೂ ಕಾಣುವುದಿಲ್ಲ.

ಶುರುವಿನಲ್ಲಿ ನಾನು ಬಾಯಲ್ಲೇ ವಿವರಿಸುತ್ತಿದ್ದೆ. ಮೇಲಿಂದ ಕೆಳಗೆ ಓದುತ್ತಾ ಹೋಗೋದು: ಇದು ಡಿಡಕ್ಟರ್, ಅಂದರೆ ತೆರಿಗೆ ಹಿಡಿದವನು, ಇದು ಅವನ ನಂಬರ್ ಟ್ಯಾನ್, ಇದು ನಿಮ್ಮ ಪ್ಯಾನ್. ಎದುರಿಗಿದ್ದವರು "ಹೌದ್ರಿ ಹೌದ್ರಿ" ಅಂತ ತಲೆ ಆಡಿಸುತ್ತಿದ್ದರು. ಮನೆಗೆ ಹೋಗಿ ತಮಗೆ ಬೇಕಾದ್ದು ಮಾಡುತ್ತಿದ್ದರು. 2023-24ರ ರಿಟರ್ನ್‌ನಲ್ಲಿ ಒಬ್ಬ ಹುಡುಗ ಫೀಸ್ ಉಳಿಸೋಣ ಅಂತ ತಾನೇ ಫೈಲ್ ಮಾಡಿದ. ಬ್ಯಾಂಕಿಗೆ ಬಿದ್ದದ್ದು ಸುಮಾರು ಎಂಟೂವರೆ ಲಕ್ಷ, ಅದನ್ನೇ ಆದಾಯದ ಕಾಲಮ್ಮಿನಲ್ಲಿ ಬರೆದ. ಟಿಡಿಎಸ್ ಮಾತ್ರ 26ಎಎಸ್, ಅಂದರೆ ಅವನ ಪ್ಯಾನ್ ಮೇಲೆ ಜಮಾ ಆದ ತೆರಿಗೆಯ ಸರ್ಕಾರಿ ಪಟ್ಟಿ, ನೋಡಿ ಪೂರ್ತಿ ಹತ್ತು ಸಾವಿರ ಕೇಳಿದ. ಆ ಹತ್ತು ಸಾವಿರ ಹುಟ್ಟಿದ್ದು ಹತ್ತು ಲಕ್ಷದ ಮೇಲೆ ಅನ್ನೋದು ಅವನಿಗೆ ಹೊಳೆಯಲೇ ಇಲ್ಲ. ರಿಟರ್ನ್‌ನಲ್ಲಿ ದೋಷ ಇದೆ ಅಂತ ಸೆಕ್ಷನ್ 139(9) ಅಡಿ ಡಿಫೆಕ್ಟಿವ್ ನೋಟಿಸ್ ಬಂತು, ಉತ್ತರಕ್ಕೆ ಹದಿನೈದು ದಿನ. ನಾನು ಬಿಟ್ಟಿ ಸರಿ ಮಾಡಿಕೊಟ್ಟೆ. "ನೀವೇ ಹೇಳಿದ್ರಲ್ರಿ" ಅಂದಿದ್ದ, ಇನ್ನೇನು ಕೇಳಲಿ? ರಿಫಂಡ್ ಬರೋದಕ್ಕೆ ಐದಾರು ತಿಂಗಳಾಯ್ತು. ಅವನು ಬೇರೆ ಆಡಿಟರ್ ಕಡೆ ಹೋದ. ನನ್ನ ಮೂರೂವರೆ ಸಾವಿರ ಫೀಸೂ ಹೋಯ್ತು.

ಆಮೇಲೆ ಎಕ್ಸೆಲ್ ಶೀಟ್ ಮಾಡಿದೆ, ಬಣ್ಣ ಬಣ್ಣದ್ದು. ಯಾರೂ ತೆರೆದು ನೋಡಲಿಲ್ಲ. ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿದೆ. ಅದೂ ಹಾಗೇ ಆಯ್ತು.

ಕೊನೆಗೆ ಕೈಗೆ ಹತ್ತಿದ್ದು ಅತಿ ಸರಳ ಉಪಾಯ. ನಿಜವಾದ 16ಎ ತೋರಿಸುವ ಮೊದಲೇ ಖಾಲಿ 16ಎಯ ಝೆರಾಕ್ಸ್ ಒಂದನ್ನು ಎದುರಿಗಿಟ್ಟೆ. ಪೆನ್ಸಿಲ್ ಕೊಟ್ಟು, "ಟಿಡಿಎಸ್ ಹಿಡಿದವನು ನೀನೇ ಅಂತ ತಿಳ್ಕೋ. ನಿನ್ನದೇ ಒಂದು ಇನ್‌ವಾಯ್ಸ್ ಹಿಡಿದು ಇದನ್ನ ತುಂಬು" ಅಂದೆ. 2025ರ ಫೆಬ್ರವರಿಯಲ್ಲಿ ಮೊದಲು ಕೂರಿಸಿದ್ದು ವಿದ್ಯಾನಗರದ ಒಬ್ಬ ವೆಬ್ ಡೆವಲಪರ್‌ನನ್ನು. ಫೆಬ್ರವರಿ ಆರಿಸಿದ್ದಕ್ಕೆ ಕಾರಣ ಇದೆ. ಅಕ್ಟೋಬರ್-ಡಿಸೆಂಬರ್ ತ್ರೈಮಾಸಿಕದ 16ಎ ಕೊಡಲು ಕಡೇ ದಿನ ಫೆಬ್ರವರಿ 15. ಮುಂಗಡ ತೆರಿಗೆಗೆ ಇನ್ನೊಂದು ತಿಂಗಳು ಇರುತ್ತದೆ.

ಮೊದಲ ಖಾನೆಯಲ್ಲೇ ಅರ್ಧ ಪಾಠ ಮುಗಿಯಿತು. ಡಿಡಕ್ಟರ್ ಹೆಸರು, ಅದರ ಕೆಳಗೆ ಟ್ಯಾನ್. ಅವನಿಗೆ ಎರಡು ಕಡೆಯಿಂದ ಆದಾಯ: ವೇದಿಕೆಯ ಮೂಲಕ ಟೆಕ್ಸಸ್‌ನ ಕಂಪನಿ, ನೇರವಾಗಿ ಬ್ಯಾಂಕಿಗೆ ಹಾಕುವ ಜರ್ಮನಿಯ ಕಂಪನಿ. ಅವನು ಮೊದಲು ಜರ್ಮನಿಯವರ ಹೆಸರು ಬರೆದ. ಟ್ಯಾನ್ ಖಾನೆಗೆ ಬಂದಾಗ ಪೆನ್ಸಿಲ್ ನಿಂತಿತು.

"ಇವರ ಟ್ಯಾನ್ ಯಾವುದ್ರಿ ಸರ್?"

"ಅವರಿಗೆ ಎಲ್ಲಿಂದ ಬರಬೇಕು ಟ್ಯಾನ್? ಅವರು ನಮ್ಮ ದೇಶದಾಗ ಇಲ್ಲ."

"ಹಂಗಾದ್ರ ನಾ ಮೂರು ತಿಂಗಳಿಂದ ಅವರಿಗೆ ಸರ್ಟಿಫಿಕೇಟ್ ಕೊಡ್ರಿ ಅಂತ ಮೇಲ್ ಹಾಕಾಕತ್ತೀನಲ್ರಿ!"

ಪಾಪ, ಆ ಜರ್ಮನಿಯವರು ಏನು ಅಂದುಕೊಂಡರೋ. ಭಾರತದಲ್ಲಿ ಆಫೀಸೇ ಇಲ್ಲದೆ ನೇರವಾಗಿ ಹಣ ಕಳಿಸುವವರು ನಮ್ಮಲ್ಲಿ ಟಿಡಿಎಸ್ ಹಿಡಿಯುವುದಿಲ್ಲ. 16ಎಯೂ ಬರುವುದಿಲ್ಲ. ಆ ಆದಾಯಕ್ಕೆ ಬ್ಯಾಂಕ್ ಕೊಡುವ ಹಣ ಸಂದಾಯದ ಪತ್ರ ಮತ್ತು ಇನ್‌ವಾಯ್ಸ್, ಅಷ್ಟೇ ದಾಖಲೆ. ತೆರಿಗೆ ನಾವೇ ಕಟ್ಟಬೇಕು.

ಜರ್ಮನಿ ಅಳಿಸಿ ವೇದಿಕೆಯ ಹೆಸರು ಬರೆಸಿದೆ. ಇಲ್ಲಿ ಡಿಡಕ್ಟರ್ ಟೆಕ್ಸಸ್‌ನ ಕ್ಲೈಂಟ್ ಅಲ್ಲ, ವೇದಿಕೆಯೇ. ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194O, ಇ-ಕಾಮರ್ಸ್ ಆಪರೇಟರ್ ಹಿಡಿಯುವ ಟಿಡಿಎಸ್. ಕ್ಲೈಂಟ್ ಹೆಸರು 16ಎಯಲ್ಲಿ ಎಲ್ಲೂ ಇರುವುದಿಲ್ಲ. ಹತ್ತು ಕ್ಲೈಂಟ್ ಇದ್ದರೂ ಒಂದೇ ಟ್ಯಾನ್.

ಮುಂದಿನದು ಮೊತ್ತದ ಖಾನೆ, ಪಾವತಿಸಿದ ಅಥವಾ ಜಮಾ ಮಾಡಿದ ಹಣ. ಜಗಳ ಇರುವುದೇ ಇಲ್ಲಿ. ಅವನು 71,850 ಅಂತ ಬರೆದ. ನಾನು ನಿಜವಾದ ಸರ್ಟಿಫಿಕೇಟಿನ ಆ ಸಾಲನ್ನಷ್ಟೇ ಬಿಟ್ಟು ಉಳಿದದ್ದನ್ನು ಕಾಗದದಿಂದ ಮುಚ್ಚಿ ತೋರಿಸಿದೆ: ಸುಮಾರು 83,500. "ಹನ್ನೊಂದು ಸಾವಿರ ಎಲ್ಲಿ ಹೋತ್ರಿ?"

ಲೆಕ್ಕ ಅವನ ಕೈಯಲ್ಲೇ ಮಾಡಿಸಿದೆ. 2024ರ ಜುಲೈನ ಇನ್‌ವಾಯ್ಸ್, 1,000 ಡಾಲರ್. ವೇದಿಕೆಯ ಫೀಸ್ 100 ಡಾಲರ್. ಇವನಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಆ ಫೀಸಿನ ಮೇಲೆ ವೇದಿಕೆಯೇ 18 ಡಾಲರ್ ಜಿಎಸ್‌ಟಿ ಹಾಕಿದೆ. ಟಿಡಿಎಸ್ ಶೇ. 1, ಅಂದರೆ 10 ಡಾಲರ್. ಉಳಿದದ್ದು 872. ಆಗ ಡಾಲರ್ ಎಂಬತ್ತಮೂರೂವರೆ ಆಸುಪಾಸು. ಬ್ಯಾಂಕಿಗೆ ಹಾಕುವಾಗ ಸಿಕ್ಕ ದರ ಒಂದು ರೂಪಾಯಿ ಚಿಲ್ಲರೆ ಕಡಿಮೆ, 82.40 ಇರಬೇಕು. ಗುಣಿಸಿದರೆ ಅವನ 71,850 ಸರಿಯಾಗಿ ಬಂತು. ಆದರೆ 194O ಟಿಡಿಎಸ್ ಕತ್ತರಿಸೋದು ಒಟ್ಟು ಮೊತ್ತದ ಮೇಲೆ, ವೇದಿಕೆ ತನ್ನ ಫೀಸ್ ಮುರಿದುಕೊಳ್ಳುವ ಮೊದಲಿನದು. ಹಾಗಾಗಿ 16ಎಯಲ್ಲಿ 83,500, ಟಿಡಿಎಸ್ 835. ರಿಟರ್ನ್‌ನಲ್ಲಿ ಬರೆಯಬೇಕಾದ್ದೂ 83,500ವೇ.

ನಾವು ಆ ವರ್ಷ ಅವನ ರಿಟರ್ನನ್ನು ಸೆಕ್ಷನ್ 44ADA ಅಡಿ ಹಾಕಿದೆವು. ಒಟ್ಟು ಗಳಿಕೆಯ ಅರ್ಧ ಲಾಭ ಅಂತ ತೋರಿಸೋದು. ವೇದಿಕೆಯ ಫೀಸು ಆ ಇನ್ನರ್ಧದೊಳಗೇ ಬಂತು, ಮತ್ತೊಮ್ಮೆ ಕಳೆಯೋ ಹಾಗಿಲ್ಲ. ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದ್ದೆ. ಪೆನ್ಸಿಲ್ ಹಿಡಿದ ದಿನ ಒಂದೇ ಸಲಕ್ಕೆ ತಲೆಗೆ ಹೋಯ್ತು.

ಡಾಲರ್ ದರದ ಪೈಸೆಗಳನ್ನು ಹೊಂದಿಸಲು ನನ್ನದೊಂದು ಶೀಟ್ ಇದೆ. ಅದನ್ನು ಇಲ್ಲಿ ಬಿಚ್ಚಿಡೋದಿಲ್ಲ, ಹೊಟ್ಟೆಪಾಡು ಸ್ವಾಮಿ. ಅಷ್ಟು ಬೇಕಾಗಿಯೂ ಇಲ್ಲ. ನೂರಿನ್ನೂರು ರೂಪಾಯಿ ಆಚೀಚೆ ಆದರೂ 26ಎಎಸ್‌ನಲ್ಲಿರುವುದಕ್ಕಿಂತ ಕಡಿಮೆ ತೋರಿಸದಿದ್ದರೆ ಸಾಕು.

ಆಮೇಲೆ ಅಕ್ಟೋಬರ್ ತ್ರೈಮಾಸಿಕದ ಸರ್ಟಿಫಿಕೇಟ್ ತೆಗೆದೆ. ಸಾವಿರ ಡಾಲರ್‌ಗೆ ಟಿಡಿಎಸ್ ಬರೀ 84 ರೂಪಾಯಿ. ವೇದಿಕೆಯವರು ನುಂಗಿದರು ಅಂತ ಅವನು ಎದ್ದೇ ನಿಂತ. ನುಂಗಿಲ್ಲ, 2024ರ ಅಕ್ಟೋಬರ್ 1ರಿಂದ 194O ದರ ಶೇ. 1ರಿಂದ 0.1ಕ್ಕೆ ಇಳಿದಿದೆ. ಆಗ ಅವನು ಒಳ್ಳೇ ಪ್ರಶ್ನೆ ಕೇಳಿದ: "ಅಕ್ಟೋಬರ್ 4ಕ್ಕ ಬ್ಯಾಂಕಿಗೆ ಬಂದ ದುಡ್ಡಿಗೆ ಶೇಕಡಾ ಒಂದೇ ಹಿಡದಾರಲ್ರಿ?" ನೋಡಿದರೆ ಆ ಸಾಲು ಹಿಂದಿನ ತ್ರೈಮಾಸಿಕದ ಸರ್ಟಿಫಿಕೇಟಿನಲ್ಲಿತ್ತು, ತಾರೀಕು ಸೆಪ್ಟೆಂಬರ್ 27. ಜಮಾ ಅಥವಾ ಪಾವತಿ, ಯಾವುದು ಮೊದಲೋ ಆ ದಿನ ಟಿಡಿಎಸ್. ವೇದಿಕೆಯ ಖಾತೆಗೆ ಬಂದ ದಿನವೇ ಲೆಕ್ಕ, ಅವನು ಬ್ಯಾಂಕಿಗೆ ಎಳೆದುಕೊಂಡ ದಿನ ಅಲ್ಲ.

ಅಸೆಸ್‌ಮೆಂಟ್ ವರ್ಷದ ಖಾನೆಯಲ್ಲಿ ಎಲ್ಲರೂ ಬೀಳುತ್ತಿದ್ದರು. ಅವನೂ 2024-25 ಅಂತ ಬರೆದ. ಅದು ದುಡಿದ ವರ್ಷದ ಮುಂದಿನ ವರ್ಷ, ಹಾಗಾಗಿ ಸರ್ಟಿಫಿಕೇಟಿನಲ್ಲಿ 2025-26 ಇತ್ತು, ಪಕ್ಕದ ಅವಧಿಯಲ್ಲಿ ಮಾತ್ರ 2024ರ ತಾರೀಕುಗಳು. ಅಳಿಸಿ ಬರೆಸಿದರೆ ಆಯ್ತು.

ಕೆಳಗಿನ ಚಲನ್ ಭಾಗದಲ್ಲಿ ನಾನು ಸುಮ್ನೆ ಒಂದು ಪ್ರಯೋಗ ಮಾಡಿದ್ದೆ. ಏಳಂಕಿಯ ಬಿಎಸ್‌ಆರ್ ಕೋಡ್ ಹುಡುಕಿ ಯಾವ ಬ್ಯಾಂಕಿನ ಯಾವ ಶಾಖೆ ಅಂತ ತೋರಿಸೋದು. ಹುಡುಗರಿಗೆ ಖುಷಿಯೋ ಖುಷಿ, ಆದರೆ ಉಪಯೋಗ ಸೊನ್ನೆ. ಈಗ ಆ ಭಾಗದಲ್ಲಿ ಒಂದೇ ಅಕ್ಷರ ನೋಡಿಸುತ್ತೇನೆ, ಮ್ಯಾಚಿಂಗ್ ಸ್ಟೇಟಸ್. `F` ಇದ್ದರೆ ಬ್ಯಾಂಕಿಗೆ ಕಟ್ಟಿದ ಚಲನ್ನೂ ಅವರ ಸ್ಟೇಟ್‌ಮೆಂಟೂ ಹೊಂದಿವೆ. `U` ಇದ್ದರೆ ಹೊಂದಿಲ್ಲ, ಡಿಡಕ್ಟರ್‌ಗೆ ಹೇಳಿ ಸರಿಪಡಿಸಬೇಕು.

ಅದಕ್ಕಿಂತ ಕೆಟ್ಟದ್ದೂ ನೋಡಿದ್ದೇನೆ. ಅನುವಾದ ಮಾಡುವ ಒಬ್ಬ ಹೆಣ್ಣುಮಗಳಿಗೆ ವಿದೇಶಿ ಕಂಪನಿಯೊಂದರ ಬೆಂಗಳೂರು ಘಟಕ ರೂಪಾಯಿಯಲ್ಲೇ ಹಣ ಕೊಡುತ್ತಿತ್ತು. ವೃತ್ತಿಪರರ ಫೀಸಿಗೆ ಅನ್ವಯಿಸುತ್ತಿದ್ದ ಸೆಕ್ಷನ್ 194J ಅಡಿ ಶೇ. 10 ಕತ್ತರಿಸಿ ಲೆಟರ್‌ಹೆಡ್ ಮೇಲೆ ಸೀಲು, ಸಹಿ ಹಾಕಿದ "16ಎ" ಕಳಿಸಿದ್ದರು. ಖಾನೆಗಳೆಲ್ಲ ಸರಿ ಇದ್ದವು. ಮೇಲೆ ಇರಬೇಕಾದ ಸರ್ಟಿಫಿಕೇಟ್ ನಂಬರ್ ಮಾತ್ರ ಇಲ್ಲ. ನಿಜವಾದದ್ದು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ವೆಬ್‌ಸೈಟಿನಿಂದಲೇ ಇಳಿಯಬೇಕು, ನಂಬರ್ ಅದೇ ಕೊಡುತ್ತದೆ. 26ಎಎಸ್ ತೆಗೆದರೆ ಖಾಲಿ. ಹನ್ನೆರಡು ಸಾವಿರದ ಹತ್ತಿರ ಹಣ. ಹತ್ತಾರು ಫೋನ್ ಮಾಡಿದ ಮೇಲೆ ಅವರು ಟಿಡಿಎಸ್ ವಿವರದ 26ಕ್ಯೂ ಸ್ಟೇಟ್‌ಮೆಂಟ್ ಹಾಕಿದರು.

ನಮ್ಮ ಡೆವಲಪರ್ ಲೆಕ್ಕಕ್ಕೆ ಬರೋಣ. 2024-25ನೇ ವರ್ಷದ ಅಂದಾಜು: ವೇದಿಕೆಯಿಂದ ಮೊದಲ ಆರು ತಿಂಗಳು ಆರು ಲಕ್ಷ, ನಂತರದ ಆರು ತಿಂಗಳು ಆರು ಲಕ್ಷ, ಜರ್ಮನಿಯಿಂದ ಆರು. ಒಟ್ಟು ಹದಿನೆಂಟು, ಅರ್ಧ ಒಂಬತ್ತು ಲಕ್ಷ. ಹೊಸ ಪದ್ಧತಿಯ ಆಗಿನ ದರದಲ್ಲಿ ತೆರಿಗೆ ಸೆಸ್ ಸೇರಿ 41,600 ಆಗಿತ್ತು. ಟಿಡಿಎಸ್ ಮೊದಲರ್ಧಕ್ಕೆ 6,000, ಎರಡನೆಯದಕ್ಕೆ 600. "ಟಿಡಿಎಸ್ ಹಿಡದಾರಲ್ಲ, ತೆರಿಗೆ ಮುಗೀತು" ಅಂದುಕೊಂಡಿದ್ದವನು ತಾನೇ ಕಳೆದು ನೋಡಿ 35,000 ಅಂತ ಬರೆದ. ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿದ. ಜುಲೈವರೆಗೆ ಬಿಟ್ಟಿದ್ದರೆ ಬಡ್ಡಿ ಸಾವಿರದ ಏಳುನೂರರ ಹತ್ತಿರ ಆಗುತ್ತಿತ್ತು. ನನ್ನ ಪಾಠದ ಫೀಸ್ ಎರಡು ಸಾವಿರ. ಹಿರಿಯರು ಇದನ್ನು ಕೇಳಿ ಮತ್ತೆ ನಕ್ಕರು. ನಗಲಿ ಬಿಡಿ. ಆ ವರ್ಷ ಅವನ ಕಡೆಯಿಂದಲೇ ಏಳು ಹುಡುಗರು ನನ್ನಲ್ಲಿಗೆ ಬಂದರು, ಒಬ್ಬರಿಗೂ ನೋಟಿಸ್ ಬಂದಿಲ್ಲ.

ಹಾಳೆ ತುಂಬಿಸಿದ ಮೇಲೆ ಕೊನೆಯಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಅದಕ್ಕೆ ಸರಿ ಉತ್ತರ ಕೊಟ್ಟರೆ ಮಾತ್ರ ನಿಜವಾದ 16ಎ ಕೈಗೆ ಕೊಡೋದು. ಆ ಪ್ರಶ್ನೆಯೂ ನನ್ನ ಹತ್ತಿರವೇ ಇರಲಿ.

ಜೂನ್‌ನಲ್ಲಿ ಕೊನೇ ತ್ರೈಮಾಸಿಕದ 16ಎ ಬಂದಾಗ ಆ ಡೆವಲಪರ್ ವಾಟ್ಸಾಪ್‌ನಲ್ಲಿ ಎರಡು ಫೋಟೋ ಹಾಕಿದ. ಒಂದು ಸರ್ಟಿಫಿಕೇಟ್, ಇನ್ನೊಂದು ಅವನೇ ಪೆನ್ಸಿಲ್‌ನಲ್ಲಿ ತುಂಬಿದ ಹಾಳೆ. ಸರ್ಟಿಫಿಕೇಟಿನಲ್ಲಿ ಒಂದು ಸಾಲು ಜಾಸ್ತಿ ಇತ್ತು, 500 ಡಾಲರಿನದು. ನಾನು ಫೋನ್ ಮಾಡುವಷ್ಟರಲ್ಲಿ ಅವನದೇ ಮೆಸೇಜ್ ಬಂತು: "ಸಿಕ್ತ್ರಿ ಸರ್. ಮಾರ್ಚ್ 31ಕ್ಕ ಜಮಾ ಆಗೇತಿ, ನಾ ಏಪ್ರಿಲ್‌ನಾಗ ಬ್ಯಾಂಕಿಗೆ ತಗೊಂಡೇನಿ."