ಒಂದೇ ಅಕ್ಷದ ಎರಡು ದ್ವಿಧ್ರುವಗಳು: ನಾಲ್ಕು ಬಲಗಳನ್ನು ಕೂಡಿಸಿ ನೋಡುವುದು

ಒಂದೇ ಅಕ್ಷದ ಮೇಲಿರುವ ಎರಡು ವಿದ್ಯುತ್ ದ್ವಿಧ್ರುವಗಳ ನಡುವಿನ ಬಲ ದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದು ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಕ್ಷೇತ್ರದ ಸೂತ್ರ ಹಿಡಿದು ಅವಕಲನ ಮಾಡಿದರೆ ಉತ್ತರವೇನೋ ಬೇಗ ಸಿಗುತ್ತದೆ. ಆದರೆ ಕಾರಣ ಕಣ್ಣಿಗೆ ಕಾಣಬೇಕಾದರೆ ಮೊದಲು ಕೂಲಾಮ್ ನಿಯಮವನ್ನು ನಾಲ್ಕು ಸಲ ಬಳಸಿ ಅಂಕಿಗಳನ್ನು ಕೂಡಿಸಿ ನೋಡಬೇಕು. ನಾನು ಯಾವಾಗಲೂ ಅಲ್ಲಿಂದಲೇ ಶುರುಮಾಡುತ್ತೇನೆ.

ಎರಡೂ ದ್ವಿಧ್ರುವಗಳಲ್ಲಿ +10 ಮತ್ತು −10 ನ್ಯಾನೋಕೂಲಾಮ್ ಆವೇಶಗಳಿರಲಿ. ಪ್ರತಿ ದ್ವಿಧ್ರುವದಲ್ಲೂ ಆ ಎರಡು ಆವೇಶಗಳ ನಡುವಿನ ಅಂತರ d = 1 ಸೆಂ.ಮೀ. ಎರಡೂ ದ್ವಿಧ್ರುವಗಳು ಒಂದೇ ಕಡೆಗೆ ಮುಖ ಮಾಡಿವೆ, ಅಂದರೆ ಎಡದಿಂದ ಬಲಕ್ಕೆ ಓದಿದರೆ ಋಣ, ಧನ, ಋಣ, ಧನ. ಕೇಂದ್ರದಿಂದ ಕೇಂದ್ರಕ್ಕೆ ದೂರ r = 10 ಸೆಂ.ಮೀ. ಈಗ ಒಂದು ದ್ವಿಧ್ರುವದ ಪ್ರತಿ ಆವೇಶಕ್ಕೂ ಇನ್ನೊಂದರ ಪ್ರತಿ ಆವೇಶಕ್ಕೂ ನಡುವಿನ ಬಲ ಬರೆಯಬೇಕು. ಒಟ್ಟು ನಾಲ್ಕು ಜೋಡಿಗಳು.

ಒಳಬದಿಯ ಧನ–ಋಣ ಜೋಡಿಯ ನಡುವೆ 9 ಸೆಂ.ಮೀ. ಇದೆ, ಅವು 111.11 ಮೈಕ್ರೋನ್ಯೂಟನ್ ಬಲದಿಂದ ಆಕರ್ಷಿಸುತ್ತವೆ. ಎರಡು ಹೊರತುದಿಗಳ ನಡುವೆ 11 ಸೆಂ.ಮೀ.; ಅಲ್ಲಿ ಆಕರ್ಷಣೆ 74.38. ಉಳಿದವು ಧನ–ಧನ ಮತ್ತು ಋಣ–ಋಣ. ಆ ಎರಡಕ್ಕೂ ದೂರ ಸರಿಯಾಗಿ 10 ಸೆಂ.ಮೀ., ವಿಕರ್ಷಣೆ ತಲಾ 90.00. ಒಟ್ಟು ಆಕರ್ಷಣೆ 185.49, ಒಟ್ಟು ವಿಕರ್ಷಣೆ 180.00. ಉಳಿಯುವುದು ಬರೀ 5.49 ಮೈಕ್ರೋನ್ಯೂಟನ್ ಆಕರ್ಷಣೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರತಿಯೊಂದು ಬಲವೂ ವಿಲೋಮ ವರ್ಗ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ನಿಯಮ ಎಲ್ಲೂ ಬದಲಾಗಿಲ್ಲ. ದೊಡ್ಡ ಬಲಗಳು ಒಂದನ್ನೊಂದು ಹೆಚ್ಚುಕಡಿಮೆ ಪೂರ್ತಿ ರದ್ದುಮಾಡಿಕೊಂಡಿವೆ. ರದ್ದಾಗದೆ ಉಳಿದ ಚೂರು ಮಾತ್ರ ನಮಗೆ ಬಲವಾಗಿ ಕಾಣುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ದೂರ ಹೆಚ್ಚಿದಂತೆ ಈ ರದ್ದತಿ ಎಷ್ಟು ಬೇಗ ಪರಿಪೂರ್ಣವಾಗುತ್ತಾ ಹೋಗುತ್ತದೆ ಎಂಬುದು.

ರದ್ದತಿ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಒಂದು ಬದಿಯಲ್ಲಿ ಒಂಟಿ ಆವೇಶವನ್ನೇ ಇಟ್ಟು, ಇನ್ನೊಂದು ಬದಿಯಲ್ಲಿ ದ್ವಿಧ್ರುವ ಇಡೋಣ. ಒಂಟಿ ಆವೇಶ ದ್ವಿಧ್ರುವದ ಒಂದು ತುದಿಯನ್ನು ಎಳೆಯುತ್ತದೆ, ಇನ್ನೊಂದು ತುದಿಯನ್ನು ತಳ್ಳುತ್ತದೆ. ಆಗ ಉಳಿಯುವುದು 1/r² ಎಂಬುದು d ದೂರದಲ್ಲಿ ಎಷ್ಟು ಬದಲಾಯಿತು ಎಂಬ ವ್ಯತ್ಯಾಸ ಮಾತ್ರ. ಅದು 2d/r³ ಆಗುತ್ತದೆ. ಈಗ ಒಂಟಿ ಆವೇಶದ ಜಾಗದಲ್ಲೂ ದ್ವಿಧ್ರುವ ಬಂದರೆ, ಅದರ ಎರಡು ತುದಿಗಳು ಇಂಥದೇ ಎರಡು ಬಲಗಳನ್ನು ಎದುರುಬದುರು ದಿಕ್ಕಿನಲ್ಲಿ ಹಾಕುತ್ತವೆ. ಉಳಿಯುವುದು ವ್ಯತ್ಯಾಸದ ವ್ಯತ್ಯಾಸ: 6d²/r⁴. ಪ್ರತಿ ದ್ವಿಧ್ರುವವೂ ತನ್ನ ನಿವ್ವಳ ಆವೇಶ ಸೊನ್ನೆಯಾಗಿರುವ ಕಾರಣಕ್ಕೆ ಒಂದೊಂದು ಬಾರಿ d/r ಗುಣಕವನ್ನು ತಂದುಕೊಡುತ್ತದೆ. ಎರಡು ದ್ವಿಧ್ರುವ, ಎರಡು ಗುಣಕ; 1/r² ಇದ್ದದ್ದು 1/r⁴ ಆಯಿತು. ಮೇಲಿನ ಅಂಕಿಗಳಲ್ಲೇ ನೋಡಿ: 10 ಸೆಂ.ಮೀ. ದೂರದಲ್ಲಿ ಆವೇಶ–ಆವೇಶ 90, ಆವೇಶ–ದ್ವಿಧ್ರುವ 18.1, ದ್ವಿಧ್ರುವ–ದ್ವಿಧ್ರುವ 5.49 ಮೈಕ್ರೋನ್ಯೂಟನ್.

ಆವೇಶದ ಪರಿಮಾಣ q, ಕೂಲಾಮ್ ಸ್ಥಿರಾಂಕ k ಆಗಿದ್ದು, p = qd ಎಂದು ಬರೆದರೆ ದೂರದಲ್ಲಿ ಸರಿಹೊಂದುವ ಸೂತ್ರ ಇದು:

F ≈ 6kp₁p₂/r⁴

ಒಂದು ದ್ವಿಧ್ರುವವನ್ನು ತಿರುಗಿಸಿಟ್ಟರೆ ಬಲದ ಪರಿಮಾಣ ಅಷ್ಟೇ ಇದ್ದು, ಆಕರ್ಷಣೆ ವಿಕರ್ಷಣೆಯಾಗುತ್ತದೆ.

ಈ ಸೂತ್ರ 10 ಸೆಂ.ಮೀ.ಗೆ 5.40 ಮೈಕ್ರೋನ್ಯೂಟನ್ ಕೊಡುತ್ತದೆ. ನಿಜವಾದ ಮೊತ್ತ ಅದಕ್ಕಿಂತ ಶೇ. 1.7ರಷ್ಟು ಹೆಚ್ಚು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಸರಣಿಯ ಮುಂದಿನ ಪದ ಸೇರಿಸಿದರೆ ಗುಣಕ 1 + (5/3)(d/r)² ಆಗುತ್ತದೆ. ದೂರವನ್ನು 20 ಸೆಂ.ಮೀ. ಮಾಡಿದರೆ ಬಲ 0.339ಕ್ಕೆ ಇಳಿಯುತ್ತದೆ, ಅಂದರೆ 16.2ರಲ್ಲಿ ಒಂದು ಭಾಗ. ಒಂಟಿ ಆವೇಶಗಳಾಗಿದ್ದರೆ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತಿತ್ತು. ಇನ್ನು 3 ಸೆಂ.ಮೀ.ಗೆ ಹತ್ತಿರ ತಂದರೆ ನಿಜವಾದ ಬಲ 812.5, ಸೂತ್ರ ಹೇಳುವುದು 666.7. ಇಷ್ಟು ಹತ್ತಿರದಲ್ಲಿ ಸೂತ್ರವನ್ನು ನಂಬಬಾರದು. ಅಲ್ಲಿ 3ರಿಂದ 6 ಸೆಂ.ಮೀ.ಗೆ ಹೋದಾಗ ಬಲ 18.6 ಪಟ್ಟು ಇಳಿಯುತ್ತದೆ, ನಾಲ್ಕನೇ ಘಾತಕ್ಕಿಂತಲೂ ತುಸು ಚುರುಕಾಗಿ.

ಲೆಕ್ಕ ಕೆಡುವುದು ಹೆಚ್ಚಾಗಿ ಅಂಕಿಗಳನ್ನು ಪೂರ್ಣಾಂಕಕ್ಕೆ ಹತ್ತಿರ ಮಾಡುವಾಗ. 185.49ನ್ನು ಎರಡು ಸಾರ್ಥಕ ಅಂಕಿಗೆ ಇಳಿಸಿ 190 ಎಂದುಕೊಂಡರೆ ಉತ್ತರ 10 ಬರುತ್ತದೆ, ಸುಮಾರು ಎರಡು ಪಟ್ಟು. ಮೂರು ಅಂಕಿ ಇಟ್ಟುಕೊಂಡರೂ 185 − 180 = 5, ಶೇ. 9ರಷ್ಟು ಕಡಿಮೆ. ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸ ಬೇಕಾದಲ್ಲೆಲ್ಲ ಕೊನೆಯವರೆಗೂ ಐದಾರು ಅಂಕಿ ಉಳಿಸಿಕೊಳ್ಳಬೇಕು. ಕಂಪ್ಯೂಟರಿಗೂ ಇದೇ ಪಾಡು: d/r ಬೆಲೆ 10⁻⁸ ಆಸುಪಾಸಿಗೆ ಬಂದರೆ, ನಾಲ್ಕು ಬಲಗಳನ್ನು ನೇರವಾಗಿ ಕೂಡಿಸಿದಾಗ ಸೊನ್ನೆಯೋ ಅರ್ಥವಿಲ್ಲದ ಅಂಕಿಯೋ ಸಿಗುತ್ತದೆ. ಅದಕ್ಕೆ ಮೊದಲೇ ಕೈಯಲ್ಲಿ ಸರಳೀಕರಿಸಿ, ರದ್ದತಿಯನ್ನು ಬೀಜಗಣಿತದಲ್ಲೇ ಮುಗಿಸಿಬಿಡುವುದು ಒಳ್ಳೆಯದು. ಆಗ ಅಂದಾಜಿನ ಹಂಗಿಲ್ಲದ, ಎಲ್ಲ ದೂರಕ್ಕೂ ನಡೆಯುವ ರೂಪ ಸಿಗುತ್ತದೆ:

```python
k = 9e9
def bala(q, d, r):
    return k*q*q * 2*d*d*(3*r*r - d*d) / (r*r*(r*r - d*d)**2)

print(bala(1e-8, 0.01, 0.10))   # 5.49e-06
```

ಇಲ್ಲಿ r ದೊಡ್ಡದಾದಾಗ ಅಂಶದಲ್ಲಿ 6d²r², ಛೇದದಲ್ಲಿ r⁶ ಉಳಿದು, 6d²/r⁴ ತಾನಾಗಿ ಹೊರಬರುತ್ತದೆ.

ಇನ್ನೊಂದು ತಪ್ಪು r ಅನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದರಲ್ಲಿ ಆಗುತ್ತದೆ. ಕೇಂದ್ರದಿಂದ ಕೇಂದ್ರಕ್ಕೆ ಅಳೆಯುವ ಬದಲು ಎದುರುಬದುರಿನ ತುದಿಗಳ ನಡುವಿನ 9 ಸೆಂ.ಮೀ. ತೆಗೆದುಕೊಂಡರೆ, ನಾಲ್ಕನೇ ಘಾತದ ದೆಸೆಯಿಂದ ಸೂತ್ರದ ಉತ್ತರ ಶೇ. 52ರಷ್ಟು ಏರುತ್ತದೆ. ವಿಲೋಮ ವರ್ಗದಲ್ಲಿ ಇದೇ ತಪ್ಪಿಗೆ ಶೇ. 23 ಮಾತ್ರ ಏರುತ್ತಿತ್ತು. ಹಾಗೆಯೇ, ಅಕ್ಷದ ಮೇಲಿನ ಕ್ಷೇತ್ರ 2kp/r³ ಗೊತ್ತಿದ್ದವರು ಅದನ್ನು p ಇಂದ ಗುಣಿಸಿ ಬಲ ಎಂದು ಬರೆದುಬಿಡುತ್ತಾರೆ. ಅದು ಸ್ಥಿತಿಶಕ್ತಿಯ ಪರಿಮಾಣ. ಏಕಮಾನ ನೋಡಿದರೆ ನ್ಯೂಟನ್ ಅಲ್ಲ, ಜೂಲ್. ಏಕರೂಪ ಕ್ಷೇತ್ರ ದ್ವಿಧ್ರುವದ ಎರಡೂ ತುದಿಗಳನ್ನು ಸಮನಾಗಿ ಎಳೆದು ತಳ್ಳುವುದರಿಂದ ನಿವ್ವಳ ಬಲ ಹುಟ್ಟುವುದಿಲ್ಲ. ಬಲಕ್ಕೆ ಬೇಕಾದದ್ದು ಕ್ಷೇತ್ರ ದೂರದೊಂದಿಗೆ ಬದಲಾಗುವ ದರ, ಅದನ್ನು p ಇಂದ ಗುಣಿಸಿದರೆ ಮತ್ತೆ 6kp₁p₂/r⁴.

ಇಷ್ಟೆಲ್ಲ ನಿಂತಿರುವುದು ನಿವ್ವಳ ಆವೇಶ ಸೊನ್ನೆ ಎಂಬ ಒಂದು ಷರತ್ತಿನ ಮೇಲೆ. ಒಂದು ದ್ವಿಧ್ರುವದಲ್ಲಿ ಮಾತ್ರ q ಬೆಲೆಯ ಶೇ. 1ರಷ್ಟು ಆವೇಶ ಹೆಚ್ಚಾಗಿ ಉಳಿದಿದೆ ಎಂದಿಟ್ಟುಕೊಳ್ಳಿ. ಅದು ಇನ್ನೊಂದು ದ್ವಿಧ್ರುವದ ಮೇಲೆ 1/r³ ಪ್ರಕಾರ ಇಳಿಯುವ ಬಲ ಹಾಕುತ್ತದೆ. ಮುಖ್ಯ ಬಲದ ಜೊತೆ ಹೋಲಿಸಿದರೆ ಇದು r = 10d ಇದ್ದಾಗ ಶೇ. 3.3, r = 30d ಇದ್ದಾಗ ಶೇ. 10, r = 300d ಆಗುವಷ್ಟರಲ್ಲಿ ಸರಿಸಮ. ದೂರ ಹೋದಷ್ಟೂ ದ್ವಿಧ್ರುವದ ಬಲ ಸೋಲುತ್ತದೆ, ಆ ಸಣ್ಣ ಹೆಚ್ಚುವರಿ ಆವೇಶ ಗೆಲ್ಲುತ್ತದೆ.

ಕೈಯಲ್ಲಿರುವ ಅಂಕಿಗಳಲ್ಲಿ ಇದನ್ನು ಪತ್ತೆಹಚ್ಚಲು F ಬದಲು F·r⁴ ಅನ್ನು r ಎದುರು ಗ್ರಾಫ್ ಹಾಕುತ್ತೇನೆ. ಸೂತ್ರ ಹೊಂದುವ ವಲಯದಲ್ಲಿ ಗೆರೆ ಅಡ್ಡಡ್ಡ ಚಪ್ಪಟೆಯಾಗಿರುತ್ತದೆ. ಎಡತುದಿಯಲ್ಲಿ, ಅಂದರೆ r ಕಡಿಮೆ ಇರುವ ಕಡೆ, ಮೇಲಕ್ಕೆ ಬಾಗಿದರೆ d/r ಸಣ್ಣದಲ್ಲ ಎಂದರ್ಥ. ಬಲತುದಿಯಲ್ಲಿ ನೇರ ಓರೆಯಾಗಿ ಏರಿದರೆ ಅಥವಾ ಇಳಿದರೆ ಎಲ್ಲೋ ನಿವ್ವಳ ಆವೇಶ ಉಳಿದಿದೆ; ಅದು ಯಾವ ದ್ವಿಧ್ರುವದಲ್ಲಿದೆ ಎಂಬುದು ಗೊತ್ತಿದ್ದರೆ, ಧನವೋ ಋಣವೋ ಎಂಬುದನ್ನು ಆ ಓರೆಯ ದಿಕ್ಕೇ ತೋರಿಸುತ್ತದೆ.