ಸಾರು ಸೋರದ ಡಬ್ಬಿ: ಸ್ಟೀಲಿನ ನಂಬರು, ಮುಚ್ಚಳದ ರಬ್ಬರು ನೋಡಿ ಕೊಳ್ಳುವುದು ಹೇಗೆ?

ಹೋದ ವರ್ಷ ಶಾಲೆ ಶುರುವಾದ ಎರಡನೇ ವಾರ ಮೂರನೇ ಕ್ಲಾಸಿನ ಮಗಳ ಕನ್ನಡ ನೋಟ್‌ಬುಕ್ಕು ಬೇಳೆ ಸಾರಿನಲ್ಲಿ ನೆನೆದು ಮನೆಗೆ ಬಂತು. ಡಬ್ಬಿ ಹೊಸದು. ಮುಚ್ಚಳದ ಮೇಲೆ ‘ಲೀಕ್‌ಪ್ರೂಫ್’ ಎಂಬ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ನಾಲ್ಕು ತಿಂಗಳಾಗುವಷ್ಟರಲ್ಲಿ ಅದರ ತಳದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳೂ ಬಿದ್ದವು. ತಪ್ಪು ನನ್ನದೇ. ಹೊಳಪು ನೋಡಿ ತಂದಿದ್ದೆ. ಈ ವರ್ಷ ನಂಬರು ನೋಡಿ, ಮುಚ್ಚಳ ಒತ್ತಿ ನೋಡಿ, ಮನೆಗೆ ತಂದು ತಲೆಕೆಳಗಾಗಿಸಿ ಕೊಂಡೆ.

ಮೊದಲು, ಒಳಗೆ ಏನು ಹೋಗುತ್ತದೆ?

ಅಂಗಡಿಗೆ ಹೋಗುವ ಮುನ್ನ ವಾರದ ಊಟ ನೆನಪಿಸಿಕೊಳ್ಳಿ. ನಮ್ಮಲ್ಲಿ ಎರಡು ದಿನ ಚಿತ್ರಾನ್ನ ಅಥವಾ ಪುಳಿಯೋಗರೆ, ಒಂದು ದಿನ ಮೊಸರನ್ನ, ಉಪ್ಪಿನಕಾಯಿ, ಉಳಿದ ದಿನ ಚಪಾತಿ ಪಲ್ಯ ಇಲ್ಲವೇ ಅನ್ನ ಸಾರು. ಅಂದರೆ ಹೆಚ್ಚಿನ ದಿನ ಹುಳಿ, ಉಪ್ಪು ಎರಡೂ ಇರುತ್ತವೆ. ಬೆಳಗ್ಗೆ ಏಳಕ್ಕೆ ತುಂಬಿದ ಡಬ್ಬಿ ತೊಳೆಯುವುದು ಸಂಜೆ ಐದಕ್ಕೆ. ಶುಕ್ರವಾರ ಬ್ಯಾಗಿನ ತಳದಲ್ಲೇ ಮರೆತುಹೋದದ್ದು ಸೋಮವಾರ ಸಿಗುವುದೂ ಉಂಟು.

ಸ್ಟೀಲಿನ ಮೈಮೇಲೆ ಕ್ರೋಮಿಯಂನಿಂದಾಗುವ ಒಂದು ತೆಳು ಪದರ ಇರುತ್ತದೆ. ಕಣ್ಣಿಗೆ ಕಾಣದ ಈ ಪದರವೇ ತುಕ್ಕು ತಡೆಯುವುದು. ಗೀಚು ಬಿದ್ದರೂ ಗಾಳಿ ತಾಗಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಉಪ್ಪು ಒಂದೇ ಜಾಗದಲ್ಲಿ ತೇವವಾಗಿ ಕೂತರೆ ಅಲ್ಲಿ ಅದು ಒಡೆದು ಸಣ್ಣ ಗುಳಿ ಬೀಳುತ್ತದೆ. ನನ್ನ ಡಬ್ಬಿಯ ಚುಕ್ಕೆಗಳು ಅವೇ. ಎಷ್ಟು ಬೇಗ ಬೀಳುತ್ತವೆ ಎನ್ನುವುದು ಸ್ಟೀಲಿನ ದರ್ಜೆಯ ಮೇಲೆ ನಿಂತಿದೆ.

ಮೂರು ನಂಬರು ಗೊತ್ತಿದ್ದರೆ ಸಾಕು

304 ಎಂದರೆ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. ಇದನ್ನೇ 18/8 ಎಂದೂ ಬರೆಯುತ್ತಾರೆ. ಊಟದ ಡಬ್ಬಿಗೆ ನಾನು ಕೇಳುವುದು ಇದನ್ನೇ. 202ರಲ್ಲಿ ನಿಕಲ್ ಶೇ 4ರಿಂದ 6ರಷ್ಟು ಮಾತ್ರ. ಕಡಿಮೆಯಾದ ನಿಕಲ್ ಜಾಗಕ್ಕೆ ಮ್ಯಾಂಗನೀಸ್ ಹಾಕಿರುತ್ತಾರೆ, ಏಕೆಂದರೆ ನಿಕಲ್ ದುಬಾರಿ. ಪಾತ್ರೆ ವ್ಯಾಪಾರಿಗಳು ‘ಜೆ4’ ಎನ್ನುವ ಸ್ಟೀಲೂ ಇದೇ ಬಳಗದ್ದು. ಅದರಲ್ಲಿ ನಿಕಲ್ ಶೇ 1ರ ಆಸುಪಾಸು. ಮೂರನೆಯದು 430. ಇದರಲ್ಲಿ ನಿಕಲ್ ಇಲ್ಲವೆಂದೇ ಹೇಳಬಹುದು, ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ.

202 ವಿಷ ಎಂದು ಹೆದರಿಸುವ ವಿಡಿಯೊಗಳು ಓಡಾಡುತ್ತಿವೆ. ಅಷ್ಟು ಗಾಬರಿ ಬೇಡ. ಚಪಾತಿ, ಬಿಸ್ಕತ್ತು, ಹಣ್ಣು ಇಡುವ ಡಬ್ಬಿಗೆ ಅದು ಸಾಕು. ಹುಳಿ ಉಪ್ಪು ದಿನಾ ಕೂರುವ ಡಬ್ಬಿಯಲ್ಲಿ ಮಾತ್ರ ಅದು ಬೇಗ ಸೋಲುತ್ತದೆ. 316 ಎಂಬ ಇನ್ನೂ ಮೇಲಿನ ದರ್ಜೆಯೂ ಇದೆ. ಮಕ್ಕಳ ಡಬ್ಬಿಗೆ ಅದು ಸುಮ್ನೆ ಜಾಸ್ತಿ ದುಡ್ಡು.

ನಂಬರು ಎಲ್ಲಿರುತ್ತದೆ? ಡಬ್ಬಿಯ ತಳದಲ್ಲಿ ಒತ್ತಿರಬೇಕು, ಇಲ್ಲವೇ ಪೆಟ್ಟಿಗೆ ಮೇಲೆ ಅಚ್ಚಾಗಿರಬೇಕು. ‘ಫುಡ್ ಗ್ರೇಡ್’, ‘100% ಸ್ಟೇನ್‌ಲೆಸ್ ಸ್ಟೀಲ್’ ಎಂಬ ಬರಹದಿಂದ ದರ್ಜೆ ತಿಳಿಯುವುದಿಲ್ಲ; 202 ಕೂಡ ಸ್ಟೇನ್‌ಲೆಸ್ ಸ್ಟೀಲೇ. ‘ಒಳಗೆ 304’ ಎಂದು ಬರೆದಿದ್ದರೆ ಹೊರಮೈ ಬೇರೆ ದರ್ಜೆ ಎಂದು ತಿಳಿಯಿರಿ. ಅದರಿಂದ ತೊಂದರೆಯಿಲ್ಲ, ಊಟ ತಾಗುವುದು ಒಳಗೇ ಅಲ್ವಾ?

ಮ್ಯಾಗ್ನೆಟ್ ಹೇಳುವುದು ಅರ್ಧ ಸತ್ಯ

ಅಂಗಡಿಯವರು ಮ್ಯಾಗ್ನೆಟ್ ತಂದು ತೋರಿಸುತ್ತಾರೆ. ‘ನೋಡಿ ಮೇಡಂ, ಅಂಟಲ್ಲ. 304 ಇದು.’ ಅಂಟದಿದ್ದರೆ ಅದು 430 ಅಲ್ಲ ಎಂದಷ್ಟೇ ಗೊತ್ತಾಯಿತು. 202, ಜೆ4 ಕೂಡ ಅಂಟುವುದಿಲ್ಲ. ಇನ್ನೊಂದು ಕಡೆ, ಅಪ್ಪಟ 304 ಡಬ್ಬಿಯ ಮೂಲೆಯಲ್ಲಿ ಮ್ಯಾಗ್ನೆಟ್ ಸ್ವಲ್ಪ ಹಿಡಿಯಬಹುದು. ತಗಡನ್ನು ಅಚ್ಚಿನಲ್ಲಿ ಒತ್ತಿ ಎಳೆದ ಜಾಗದಲ್ಲಿ ಲೋಹದ ಒಳರಚನೆ ಬದಲಾಗುವುದರಿಂದ ಹಾಗಾಗುತ್ತದೆ. ಹಾಗಾಗಿ ಡಬ್ಬಿಯ ಮಟ್ಟಸ ತಳಕ್ಕೆ ಹಿಡಿದು ನೋಡಿ. ಅಲ್ಲಿ ಗಟ್ಟಿಯಾಗಿ ಕಚ್ಚಿಕೊಂಡರೆ ವಾಪಸ್ ಇಡಿ. ಕ್ಲಿಪ್ಪಿಗೆ ಅಂಟಿದರೆ ತಲೆ ಕೆಡಿಸಿಕೊಳ್ಳಬೇಡಿ.

304 ಮತ್ತು 202ರ ನಡುವಿನ ವ್ಯತ್ಯಾಸ ತಿಳಿಯಲು ಗುಜರಿ ವ್ಯಾಪಾರಿಗಳು ಮ್ಯಾಂಗನೀಸ್ ಪರೀಕ್ಷೆಯ ದ್ರವ ಬಳಸುತ್ತಾರೆ. ಒಂದು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ತಾಗಿಸಿದರೆ, ಮ್ಯಾಂಗನೀಸ್ ಜಾಸ್ತಿ ಇರುವ ಸ್ಟೀಲಿನ ಮೇಲೆ ಹನಿ ಕೆಂಪಗಾಗುತ್ತದೆ. ಮಾಡಿಸುವುದಾದರೆ ಡಬ್ಬಿಯ ಹೊರತಳದಲ್ಲಿ ಮಾಡಿಸಿ, ಒಳಗೆ ಬೇಡ. ಒಂದು ಡಬ್ಬಿಗಾಗಿ ಇಷ್ಟೆಲ್ಲ ಯಾಕೆ ಎನಿಸಿದರೆ ಸುಲಭದ ದಾರಿ ಬೇರೆ ಇದೆ: ಬಿಲ್ಲಿನಲ್ಲಿ ‘304’ ಎಂದು ಬರೆದುಕೊಡಿ ಎಂದು ಕೇಳಿ. ನಾನು ಹೋದ ಮೊದಲ ಅಂಗಡಿಯಲ್ಲಿ, ಮ್ಯಾಗ್ನೆಟ್ ತೋರಿಸಿದವರೇ ಬಿಲ್ ವಿಷಯ ಬಂದಾಗ ‘ಅದೆಲ್ಲ ಬರೆಯಲ್ಲ’ ಎಂದರು. ನನಗೆ ಉತ್ತರ ಸಿಕ್ಕಿತ್ತು.

ಐಎಸ್‌ಐ ಗುರುತನ್ನೂ ನೋಡಿ. ಸ್ಟೀಲ್ ಪಾತ್ರೆಗಳಿಗೆ 2024ರಲ್ಲಿ ಅದನ್ನು ಕಡ್ಡಾಯ ಮಾಡಿದ್ದಾರೆ. ಪಾತ್ರೆಯ ಮಾನಕದ ಸಂಖ್ಯೆ ಐಎಸ್ 14756. ಗುರುತಿನ ಜೊತೆಗಿರುವ `CM/L` ಪರವಾನಗಿ ಸಂಖ್ಯೆಯನ್ನು, ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಪೆಟ್ಟಿಗೆ ಮೇಲಿನ ಹೆಸರಿಗೆ ಅದು ಹೊಂದಬೇಕು. ಆದರೆ ಐಎಸ್‌ಐ ಇದ್ದ ಮಾತ್ರಕ್ಕೆ 304 ಎಂದು ತಿಳಿಯಬೇಡಿ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮುಚ್ಚಳ: ದುಂಡಗಿದ್ದರೆ ಅರ್ಧ ಗೆದ್ದಂತೆ

ಸೋರಿಕೆ ತಡೆಯುವುದು ಮುಚ್ಚಳದ ಒಳಗಿರುವ ಸಿಲಿಕೋನ್ ಉಂಗುರ. ಅಂಗಡಿಯಲ್ಲಿ ಇದಕ್ಕೆ ವಾಷರ್, ರಬ್ಬರ್ ಎನ್ನುತ್ತಾರೆ. ಡಬ್ಬಿಯ ಅಂಚು ಈ ಉಂಗುರವನ್ನು ಸುತ್ತಲೂ ಒಂದೇ ಸಮ ಒತ್ತಬೇಕು. ಎಲ್ಲಿ ಒತ್ತಡ ಕಡಿಮೆಯೋ ಅಲ್ಲಿ ಸಾರು ದಾರಿ ಮಾಡಿಕೊಳ್ಳುತ್ತದೆ.

ತಿರುಗಿಸಿ ಮುಚ್ಚುವ ದುಂಡು ಡಬ್ಬಿಯಲ್ಲಿ ಒತ್ತಡ ತಾನಾಗೇ ಸಮನಾಗಿ ಹಂಚಿಹೋಗುತ್ತದೆ. ಆಯತದ ಡಬ್ಬಿಯಲ್ಲಿ ಕ್ಲಿಪ್ ಇರುವ ಕಡೆ ಬಿಗಿ, ಇಲ್ಲದ ಕಡೆ ಸಡಿಲ. ನನ್ನ ಹಳೇ ಡಬ್ಬಿಗೆ ಗಿಡ್ಡ ಬದಿಗಳಲ್ಲಿ ಎರಡೇ ಕ್ಲಿಪ್ ಇದ್ದವು. ಉದ್ದ ಬದಿಯ ನಡುವೆ ಮುಚ್ಚಳ ಕೂದಲೆಳೆಯಷ್ಟು ಮೇಲೆದ್ದಿರುತ್ತಿತ್ತು. ಸಾರು ಬಂದದ್ದು ಅಲ್ಲಿಂದಲೇ. ಆಯತವೇ ಬೇಕೆಂದರೆ ನಾಲ್ಕೂ ಬದಿಗೆ ಕ್ಲಿಪ್ ಇರುವುದನ್ನು ತೆಗೆದುಕೊಳ್ಳಿ. ಸಾರು, ಸಾಂಬಾರು, ಮೊಸರಿಗಾದರೆ ಚಿಕ್ಕ ದುಂಡು ಡಬ್ಬಿಯೇ ಸರಿ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ಬಿಲ್ ಚೀಟಿಯಂಥ ಒಂದು ಪಟ್ಟಿ ಕಾಗದವನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ತಡೆಯಬೇಕು. ಸುತ್ತಲೂ ಏಳೆಂಟು ಕಡೆ ಹೀಗೆ ನೋಡಿ. ಸಲೀಸಾಗಿ ಜಾರಿ ಬಂದ ಜಾಗವೇ ಸೋರುವ ಜಾಗ. ಹಾಗೆಯೇ ಉಂಗುರವನ್ನು ಕೈಯಿಂದ ಬಿಚ್ಚಿ ನೋಡಿ. ಅಂಟು ಹಾಕಿ ಕೂರಿಸಿದ್ದರೆ ಬೇಡ, ಅದರಡಿ ಸೇರುವ ಎಣ್ಣೆ ಜಿಡ್ಡನ್ನು ತೆಗೆಯಲು ಆಗುವುದಿಲ್ಲ. ಬಿಡಿ ಉಂಗುರ ಸಿಗುತ್ತದೆಯೇ ಎಂದೂ ಕೇಳಿ, ಸಿಕ್ಕರೆ ಅಲ್ಲೇ ಒಂದು ಕೊಂಡುಬಿಡಿ.

ಮನೆಯಲ್ಲಿ ಸೋಪಿನ ನೀರು

ಬರೀ ನೀರು ತುಂಬಿ ತಲೆಕೆಳಗೆ ಮಾಡಿ ‘ಸೋರಲಿಲ್ಲ’ ಎಂದುಕೊಂಡರೆ ಮೋಸ ಹೋಗುತ್ತೀರಿ. ತೀರಾ ಸಣ್ಣ ಸಂದಿಯಲ್ಲಿ ನೀರು ತನ್ನ ಮೇಲ್ಮೈಯ ಬಿಗಿತದಿಂದಲೇ ನಿಂತುಬಿಡುತ್ತದೆ. ಪಾತ್ರೆ ತೊಳೆಯುವ ಸೋಪು ಎರಡು ಹನಿ ಸೇರಿಸಿದರೆ ಆ ಬಿಗಿತ ತಗ್ಗಿ ನೀರು ಸಂದಿಯೊಳಗೆ ನುಸುಳುತ್ತದೆ. ಡಬ್ಬಿಗೆ ಮುಕ್ಕಾಲು ಸೋಪಿನ ನೀರು ಹಾಕಿ, ಮುಚ್ಚಿ, ಒಣ ಪೇಪರ್ ಮೇಲೆ ಮುಚ್ಚಳ ಕೆಳಗಾಗಿ ಅರ್ಧ ಗಂಟೆ ಇಡಿ. ಆಮೇಲೆ ನಾಲ್ಕೂ ಬದಿಗೆ ಹೊರಳಿಸಿ, ಬ್ಯಾಗಿಗೆ ಹಾಕಿದಂತೆ ಹತ್ತು ಸಲ ಕುಲುಕಿ. ಪೇಪರ್ ಒದ್ದೆಯಾದರೆ ಬದಲಿಸಿಕೊಡಲು ಅಂಗಡಿಗೆ ಹೋಗಿ. ಬಿಲ್ ಇಟ್ಟುಕೊಂಡಿದ್ದು ಈಗ ಉಪಯೋಗಕ್ಕೆ ಬರುತ್ತದೆ.

ಇದರಲ್ಲಿ ಪಾಸಾದ ಡಬ್ಬಿಯೂ ಬಿಸಿ ಸಾರು ಹಾಕಿದ ದಿನ ಸೋರಬಹುದು. ಕುದಿಯುತ್ತಿರುವುದನ್ನು ಹಾಕಿ ತಕ್ಷಣ ಮುಚ್ಚಿದರೆ ಒಳಗಿನ ಗಾಳಿ, ಆವಿ ಹಿಗ್ಗಿ ಮುಚ್ಚಳವನ್ನು ತಳ್ಳುತ್ತವೆ. ಆರಿದ ಮೇಲೆ ಉಲ್ಟಾ: ಗಾಳಿ ಕುಗ್ಗಿ ಮುಚ್ಚಳ ಒಳಕ್ಕೆ ಎಳೆದುಕೊಂಡು ಕಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಮಗುವಿಗೆ ತೆಗೆಯಲಾಗುವುದಿಲ್ಲ. ಮುಚ್ಚಳ ತೆರೆದಿಟ್ಟು ಹತ್ತು ನಿಮಿಷ ಆರಿಸಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಿದರೆ ಎರಡೂ ತಪ್ಪುತ್ತವೆ. ಅಂಚಿನಲ್ಲಿ ಅನ್ನದ ಅಗುಳು ಕೂತಿದೆಯೇ ಎಂದು ಒರೆಸಿ ನೋಡಿ. ಒಂದೇ ಅಗುಳು ಸಾಕು, ಅಷ್ಟು ಹೊತ್ತಿನ ಪರೀಕ್ಷೆಯೆಲ್ಲ ನೀರುಪಾಲು.

ನೀರಿನ ಬಾಟಲ್

ಬರೀ ನೀರಿಗಾದರೆ ದರ್ಜೆಯ ಬಗ್ಗೆ ಅಷ್ಟು ಬಿಗಿ ಬೇಡ. ನಿಂಬೆ ಪಾನಕ, ಮಜ್ಜಿಗೆ ತುಂಬುವವರು ಒಳಮೈ 304 ಇರುವುದನ್ನೇ ಕೊಳ್ಳಿ. ಇಲ್ಲಿ ಜಾಸ್ತಿ ನೋಡಬೇಕಾದ್ದು ತೂಕ ಮತ್ತು ಮುಚ್ಚಳ. ರಾಜ್ಯ ಸರ್ಕಾರ 2019ರಲ್ಲಿ ಒಂದು, ಎರಡನೇ ತರಗತಿಯ ಮಕ್ಕಳ ಬ್ಯಾಗು 2 ಕಿಲೋ ಮೀರಬಾರದು ಎಂದು ಹೇಳಿತ್ತು. ಒಂದು ಲೀಟರ್ ನೀರೇ ಒಂದು ಕಿಲೋ! ಎರಡು ಪದರದ ವ್ಯಾಕ್ಯೂಮ್ ಬಾಟಲ್ ಆದರೆ ಅದರ ಭಾರ ಬೇರೆ. ಶಾಲೆಯಲ್ಲಿ ಕುಡಿಯುವ ನೀರು ಸಿಗುವಂತಿದ್ದರೆ ಒಂದೇ ಪದರದ 500-600 ಮಿಲಿ ಬಾಟಲ್ ಸಾಕು. ವ್ಯಾಕ್ಯೂಮ್ ಬಾಟಲೇ ಕೊಂಡರೆ ಬಿಸಿ ನೀರು ತುಂಬಿ ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ. ಎಲ್ಲಾದರೂ ಬಿಸಿ ತಟ್ಟಿದರೆ ನಡುವಿನ ನಿರ್ವಾತ ಹೋಗಿದೆ, ಅದನ್ನು ಸರಿಮಾಡಲು ಆಗುವುದಿಲ್ಲ.

ಸ್ಟ್ರಾ ಇರುವ ಮುಚ್ಚಳ ಮಕ್ಕಳಿಗೆ ಇಷ್ಟ. ನನಗೆ ಇಷ್ಟವಿಲ್ಲ. ಅದಕ್ಕೆ ಗಾಳಿ ಹೋಗಲು ಒಂದು ತೂತು ಬೇಕು, ಸ್ಟ್ರಾ ಮಡಚುವ ಜಾಗ ಬೇಕು, ಉಂಗುರ ಬೇಕು. ಎಷ್ಟು ಜೋಡಣೆಯೋ ಅಷ್ಟು ಸೋರುವ ದಾರಿ, ಅಷ್ಟೇ ತೊಳೆಯುವ ಕಷ್ಟ. ಕೈ ಬ್ರಷ್ ಹೋಗುವಷ್ಟು ಅಗಲ ಬಾಯಿ, ತಿರುಗಿಸುವ ಮುಚ್ಚಳ, ಒಂದು ಉಂಗುರ: ಇಷ್ಟಿದ್ದರೆ ಸಾಕು. ಸೋಪಿನ ನೀರಿನ ಪರೀಕ್ಷೆ ಇದಕ್ಕೂ ಮಾಡಿ.

ನಾನು ಕೊನೆಗೆ ಕೊಂಡದ್ದು

ಅನ್ನಕ್ಕೆ ನಾಲ್ಕು ಕ್ಲಿಪ್ಪಿನ 304 ಡಬ್ಬಿ, ಸಾರಿಗೆ ತಿರುಗಿಸುವ ದುಂಡು ಡಬ್ಬಿ, ಅದೂ 304. ಹಣ್ಣಿಗೆ ಮನೆಯಲ್ಲೇ ಇದ್ದ ಹಳೇ ಚುಕ್ಕೆ ಡಬ್ಬಿಯನ್ನು ಹಾಕೋಣವೆಂದಿದ್ದೆ. ಗುಳಿಗಳಲ್ಲಿ ಕೊಳೆ ಕೂರುತ್ತದೆ ಎಂದು ಬಿಟ್ಟೆ. ಈಗ ಅದರಲ್ಲಿ ಅಂಗಿಯ ಗುಂಡಿಗಳಿವೆ. ಮೊದಲು ತಂದ ನಾಲ್ಕು ಕ್ಲಿಪ್ಪಿನ ಡಬ್ಬಿ ಒಂದು ಮೂಲೆಯಲ್ಲಿ ಸೋಪಿನ ನೀರು ಬಿಟ್ಟಿತು. ಬದಲಿಸಿಕೊಂಡದ್ದು ಬಿಡಲಿಲ್ಲ. ಕ್ಲಿಪ್ಪು ತುಂಬಾ ಗಟ್ಟಿಯಿತ್ತು. ಮಗಳ ಕೈಗೆ ಕೊಟ್ಟು, ನಾನು ಏನೂ ಹೇಳದೆ ಕೂತೆ. ಮೂರು ದಿನ ಸಂಜೆ ತಿಂಡಿಯನ್ನು ಅದರಲ್ಲೇ ಹಾಕಿಕೊಟ್ಟ ಮೇಲೆ ಅವಳಿಗೆ ತೆಗೆಯಲು ಬಂತು. ಮುಚ್ಚುವಾಗ ನಾಲ್ಕೂ ‘ಟಕ್’ ಅನ್ನಬೇಕು ಎಂದೂ ಕಲಿತಳು. ಅರ್ಧ ಊಟ ಉಳಿಸಿ ಮೂರೇ ಕ್ಲಿಪ್ ಹಾಕಿ ತರುತ್ತಿದ್ದಳು ಮೊದಲು.

ಉಂಗುರವನ್ನು ಭಾನುವಾರ ಬಿಚ್ಚಿ ಬಿಸಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಅರಿಶಿನದ ಹಳದಿ ಹೋಗುವುದಿಲ್ಲ, ಇರಲಿ. ಮುಚ್ಚಳದ ತೋಡಿನಲ್ಲಿ ಕೂರದೆ ಎದ್ದು ಬರುವಷ್ಟು ಉಂಗುರ ಹಿಗ್ಗಿದ ದಿನ ಡ್ರಾಯರಿನಲ್ಲಿರುವ ಇನ್ನೊಂದನ್ನು ಹಾಕುವುದು.