ಅಲ್ಬೇನಿಯಾ ಕೊಡಿಸಿದ ಮಾರ್ಗದರ್ಶಕರು

ಎಲ್‌ಎಲ್‌.ಎಂ. ಪ್ರಬಂಧಕ್ಕೆ ಮಾರ್ಗದರ್ಶನ ಕೋರಿ, ಅಂಕಪಟ್ಟಿಯಿಲ್ಲದ ಒಂದೇ ಪುಟದ ಪತ್ರ ಕಳಿಸುತ್ತೇನೆಂದಾಗ ಸಹಪಾಠಿಗಳು ನಕ್ಕಿದ್ದರು. ಪ್ರಾಧ್ಯಾಪಕರು ಒಪ್ಪಿದ ಮೇಲೆ ಆ ಪತ್ರದ ಪ್ರತಿ ಕೇಳಿದವರೂ ಅವರೇ.

ಮೊದಲಿನ ಪತ್ರಗಳು ‘ಸೈಬರ್ ಕಾರ್ಯಾಚರಣೆ ಮತ್ತು ಸಾರ್ವಭೌಮತ್ವ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಹೊತ್ತು ಹೋಗಿದ್ದವು. ಬಣ್ಣದ ಮುದ್ರಣ, ಬೈಂಡಿಂಗ್, ಸ್ಪೀಡ್ ಪೋಸ್ಟ್ ಎಂದು ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ ಕರಗಿತು, ಒಂದಕ್ಕೂ ಉತ್ತರವಿಲ್ಲ. ವಾದ ಏನೆಂದು ಹೇಳದ ಪತ್ರಕ್ಕೆ ಯಾರು ಉತ್ತರ ಬರೆಯುತ್ತಾರೆ?

ಅಂತಾರಾಷ್ಟ್ರೀಯ ಕಾನೂನಿನ ಈ ಕ್ಷೇತ್ರದಲ್ಲಿರುವ ಜಗಳ ಇದು. ಸಾರ್ವಭೌಮತ್ವ ತಾನೇ ಒಂದು ನಿಯಮ, ಅದನ್ನು ಉಲ್ಲಂಘಿಸಬಾರದು ಎಂದಿತು ಸೈಬರ್ ಕಾರ್ಯಾಚರಣೆಗೆ ಕಾನೂನು ಹೇಗೆ ಅನ್ವಯಿಸುತ್ತದೆಂದು ತಜ್ಞರು ಬರೆದ 2017ರ ಟ್ಯಾಲಿನ್ ಕೈಪಿಡಿ. ಅದರಿಂದ ಸೈಬರ್ ಚಟುವಟಿಕೆಗೆ ಪ್ರತ್ಯೇಕ ನಿಷೇಧ ಹುಟ್ಟದು, ನಿಷೇಧವಿರುವುದು ಬಲವಂತದ ಹಸ್ತಕ್ಷೇಪಕ್ಕೆ ಎಂದರು 2018ರಲ್ಲಿ ಬ್ರಿಟನ್ನಿನ ಅಟಾರ್ನಿ ಜನರಲ್ ಜೆರೆಮಿ ರೈಟ್. ಎರಡನ್ನೂ ಒಂದೇ ಘಟನೆಗೆ ಹಚ್ಚಿ ನೋಡಬೇಕೆನಿಸಿತು. ಮೊದಲು 2022ರಲ್ಲಿ ಕೋಸ್ಟರಿಕಾದ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿದ ರ‍್ಯಾನ್ಸಮ್‌ವೇರ್ ದಾಳಿ ಹಿಡಿದೆ. ದೇಶವೇ ತುರ್ತುಸ್ಥಿತಿ ಘೋಷಿಸಿದ್ದರಿಂದ ಆಕರ್ಷಕವಾಗಿ ಕಂಡಿತು. ಆದರೆ ದಾಳಿ ಅಪರಾಧಿಗಳ ಗುಂಪಿನದು. ಅದರ ಕೃತ್ಯವನ್ನು ಯಾವುದಾದರೂ ರಾಷ್ಟ್ರದ ತಲೆಗೆ ಕಟ್ಟದೆ ಉಲ್ಲಂಘನೆಯ ಮಾತೇ ಏಳುವುದಿಲ್ಲ. ಒಂದು ತಿಂಗಳ ಟಿಪ್ಪಣಿ ಕಸದ ಬುಟ್ಟಿಗೆ ಹೋಯಿತು.

ಕೊನೆಗೆ ಸಿಕ್ಕಿದ್ದು ಅಲ್ಬೇನಿಯಾ. ಪತ್ರದ ಜೀವಾಳ ಈ ಭಾಗ:

“ಮಾನ್ಯರೇ, 2022ರ ಜುಲೈನಲ್ಲಿ ಅಲ್ಬೇನಿಯಾ ಸರ್ಕಾರದ ಆನ್‌ಲೈನ್ ಸೇವೆಗಳು ದಾಳಿಯಿಂದ ಸ್ಥಗಿತಗೊಂಡವು. ಸೆಪ್ಟೆಂಬರ್‌ನಲ್ಲಿ ಅದು ಇರಾನನ್ನು ಹೊಣೆಯಾಗಿಸಿ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಇರಾನ್ ಆರೋಪವನ್ನು ನಿರಾಕರಿಸಿತು. ಆರೋಪ ನಿಜವೆಂದಿಟ್ಟುಕೊಂಡರೆ, ಸರ್ಕಾರದ ಸಹಜ ಕಾರ್ಯಕ್ಕೆ ಅಡ್ಡಿಯಾದ್ದರಿಂದ ಟ್ಯಾಲಿನ್ ಪ್ರಕಾರ ಇದು ಉಲ್ಲಂಘನೆ. ಬ್ರಿಟನ್ನಿನ ನಿಲುವಿನಲ್ಲಿ ಬಲವಂತವನ್ನೂ ತೋರಿಸಬೇಕು. ಇರಾನಿನ ವಿರೋಧಿ ಸಂಘಟನೆಗೆ ಆಶ್ರಯ ಕೊಡುವುದು ಅಲ್ಬೇನಿಯಾದ ಸ್ವಂತ ನಿರ್ಧಾರ. ಅದನ್ನು ಬದಲಿಸಲೆಂದೇ ದಾಳಿ ನಡೆದಿದ್ದರೆ ಎರಡೂ ನಿಲುವುಗಳು ಒಂದೇ ತೀರ್ಮಾನಕ್ಕೆ ಬರುತ್ತವೆ ಎಂಬುದು ನನ್ನ ವಾದ.”

ಅದರ ಕೆಳಗೆ ಅಧ್ಯಾಯಗಳ ಹೆಸರು ಮೂರು ಸಾಲು, ಅವರು ನನಗೆ ಕೊಡಬೇಕಾಗುವ ಸಮಯದ ಅಂದಾಜು ಒಂದು ಸಾಲು. ಇ-ಮೇಲ್‌ನ ವಿಷಯದ ಸಾಲಿನಲ್ಲಿ ಏನಿತ್ತೆಂದು ಮಾತ್ರ ಹೇಳುವುದಿಲ್ಲ. ಮುಂದಿನ ವರ್ಷ ನನ್ನ ತಂಗಿಗೆ ಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಕಳಿಸಬೇಕೇ, ಶುಕ್ರವಾರ ಸಂಜೆಯೇ ಎಂದು ಗೆಳೆಯರ ಪತ್ರಗಳ ಮೇಲೂ ಪ್ರಯೋಗ ನಡೆಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ಒಂದು ವಾರದೊಳಗೆ ಉತ್ತರ ಬಂತು. ಹೊಗಳಿಕೆ ಒಂದಕ್ಷರವೂ ಇಲ್ಲ: “ಇರಾನ್ ಇಟ್ಟ ಬೇಡಿಕೆ ಎಲ್ಲಿದೆ? ಸೇಡು ತೀರಿಸಿಕೊಳ್ಳುವುದಕ್ಕೂ ಬಲವಂತಕ್ಕೂ ವ್ಯತ್ಯಾಸವಿದೆ. ಬಲವಂತವೇ ನಿಷಿದ್ಧ ಹಸ್ತಕ್ಷೇಪದ ತಿರುಳು ಎಂದ ಅಂತಾರಾಷ್ಟ್ರೀಯ ನ್ಯಾಯಾಲಯದ 1986ರ ನಿಕರಾಗುವ ತೀರ್ಪನ್ನು ಮತ್ತೆ ಓದಿ. ಬಲವಂತದ ಅಧ್ಯಾಯವನ್ನೇ ಮೊದಲು ಬರೆದು ತಿಂಗಳ ಕೊನೆಯೊಳಗೆ ತನ್ನಿ. ಅದು ನಿಂತರೆ ಅರ್ಜಿಗೆ ಸಹಿ ಹಾಕುತ್ತೇನೆ.”

ಹಾಕಿದರು.